ಆರನೇ ಬಟ್ಟೆಗೆ ಮುಖವೇ ಬೇರೆ: ಚಾಟ್‌ನಲ್ಲಿ ಉಡುಪು ಬದಲಿಸುವಾಗ ಮೂಲ ಫೋಟೋಗೆ ಯಾವಾಗ ಮರಳಬೇಕು?

ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಯಾವ ಸೀರೆ ಅನ್ನೋ ಚರ್ಚೆ ಧಾರವಾಡದ ಮನೆಯಲ್ಲಿ ಒಂದು ವಾರದಿಂದ ನಡೆದಿತ್ತು. ಕೊನೆಗೆ ಹುಡುಗಿಯೇ ಒಂದು ದಾರಿ ಹುಡುಕಿದಳು. ಮಹಡಿ ಮೇಲೆ ತುಳಸಿ ಕುಂಡದ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡಳು. ನನಗೆ ಕಳಿಸಿ, "ಮಾಮಾ, ಇದಕ್ಕ ಬ್ಯಾರೆ ಬ್ಯಾರೆ ಸೀರಿ ಉಡಿಸಿ ತೋರ್ಸು" ಅಂದಳು. ನಾನು ಮದುವೆ ಆಲ್ಬಮ್ ಡಿಸೈನ್ ಮಾಡುವವನು. ಫೋಟೋಶಾಪ್ ಮುಂದೆಯೇ ಅರ್ಧ ಆಯಸ್ಸು ಕಳೆದಿದ್ದೇನೆ. ಆದರೆ ಈಗ ಇಂಥ ಕೆಲಸಕ್ಕೆ ಯಾರೂ ಫೋಟೋಶಾಪ್ ತೆರೆಯುವುದಿಲ್ಲ. ಎಐ ಆ್ಯಪ್‌ನ ಚಾಟ್‌ನಲ್ಲಿ ಫೋಟೋ ಹಾಕಿ, ಏನು ಬೇಕೋ ಬರೆದರೆ ಆಯಿತು.

ಮೊದಲು ಹಸಿರು ಇಳಕಲ್ ಸೀರೆ, ಕೆಂಪು ಸೆರಗು ಅಂತ ಬರೆದೆ. ಚೆನ್ನಾಗಿ ಬಂತು. ಅದೇ ಚಾಟ್‌ನಲ್ಲಿ ಎರಡನೇ ಮಾತು: ಬ್ಲೌಸಿಗೆ ಫುಲ್ ತೋಳು ಇರಲಿ. ಮೂರನೆಯದು: ಸೀರೆ ಕಡುನೀಲಿ ಮೈಸೂರು ಸಿಲ್ಕ್ ಆಗಲಿ. ನಾಲ್ಕನೆಯದು: ಜಡೆಗೆ ಮಲ್ಲಿಗೆ ದಂಡೆ. ಐದನೆಯದು ಅವಳ ಗೆಳತಿಯ ಸಲಹೆ: ಗುಲಾಬಿ ಲೆಹೆಂಗಾ, ಅರ್ಧ ತೋಳು. ಅದನ್ನು ನೋಡಿ ಅಕ್ಕ ಮುಖ ಸಿಂಡರಿಸಿದಳು. ಹಾಗಾಗಿ ಆರನೆಯದು: ಮೊದಲಿನ ಹಸಿರು ಇಳಕಲ್ಲೇ ಇರಲಿ, ತೋಳು ಅರ್ಧವೇ ಸಾಕು.

ಆರನೇ ಚಿತ್ರವನ್ನು ಅಕ್ಕ ಸ್ವಲ್ಪ ಹೊತ್ತು ನೋಡಿದಳು. "ಚಂದ ಐತಿ. ಆದ್ರ ಈಕಿ ಯಾರು?" ಅಂದಳು.

ನಾನು ಒಂದರಿಂದ ಆರರವರೆಗೆ ಪ್ರತಿಯೊಂದನ್ನೂ ನೋಡಿದ್ದೆ. ಯಾವ ಹಂತದಲ್ಲೂ ಏನೂ ತಪ್ಪಾಗಿದೆ ಅನ್ನಿಸಿರಲಿಲ್ಲ. ಅಕ್ಕ ಮಧ್ಯದ ನಾಲ್ಕನ್ನು ಸರಿಯಾಗಿ ನೋಡಿರಲಿಲ್ಲ. ಅದಕ್ಕೇ ಅವಳಿಗೆ ಗೊತ್ತಾಯಿತು.

ಆರನೇ ಚಿತ್ರದಿಂದ ನಮಗೆ ಒಂದು ಅನುಕೂಲವೂ ಆಯಿತು. ಒಂದನೆಯದರಲ್ಲೂ ಆರನೆಯದರಲ್ಲೂ ಉಡುಪು ಒಂದೇ. ಬಟ್ಟೆ ಬೇರೆಯಾಗಿದ್ದರೆ ಮುಖ ಬೇರೆಯಾಗಿ ಕಂಡಿದ್ದಕ್ಕೆ ಬಟ್ಟೆಯ ಬಣ್ಣವೇ ಕಾರಣ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಇಲ್ಲಿ ಆ ನೆಪ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಎಡಗೆನ್ನೆಯ ಕೆಳಗಿದ್ದ ಮಚ್ಚೆ ಮೂರನೇ ಚಿತ್ರದಲ್ಲೇ ಮಾಯವಾಗಿತ್ತು. ಮುಂದಿನ ಹಲ್ಲು ಒಂದರ ಮೇಲೊಂದು ಸ್ವಲ್ಪ ಏರಿದ್ದು ಈಗ ನೇರವಾಗಿತ್ತು. ದವಡೆ ಸಣ್ಣಗಾಗಿತ್ತು, ಕತ್ತು ಉದ್ದವಾಗಿತ್ತು, ಮೈಬಣ್ಣ ಒಂದು ಛಾಯೆಯಷ್ಟು ತೆಳುವಾಗಿತ್ತು. ಬಲಗೈ ಮೇಲೆ ದೋಸೆ ಕಾವಲಿ ತಾಗಿ ಆದ ಹಳೇ ಕಲೆ ಇಲ್ಲ. ಹಿಂದಿನ ಗೋಡೆಯ ಬಿರುಕು ಮುಚ್ಚಿಹೋಗಿತ್ತು. ತುಳಸಿ ಕುಂಡ ಯಾವುದೋ ಹೋಟೆಲಿನ ಹೂಕುಂಡದಂತೆ ನುಣ್ಣಗಾಗಿತ್ತು. ಮೂಗು, ಕಣ್ಣು, ನಿಂತ ರೀತಿ ಎಲ್ಲ ಹೆಚ್ಚುಕಡಿಮೆ ಅದೇ. ಆದರೆ ಒಟ್ಟಾರೆ ನೋಡಿದರೆ ಅವಳ ದೊಡ್ಡಪ್ಪನ ಮಗಳು ಯಾರಾದರೂ ಇದ್ದಿದ್ದರೆ ಹೀಗಿರುತ್ತಿದ್ದಳೇನೋ ಅನ್ನುವ ಹಾಗೆ.

ಇದು ಆ ಒಂದು ಆ್ಯಪ್‌ನ ಕಥೆ ಅಲ್ಲ. 2025ರ ಆಗಸ್ಟ್‌ನಲ್ಲಿ ಗೂಗಲ್‌ನ ನ್ಯಾನೋ ಬನಾನಾ ಎಂಬ ಚಿತ್ರ ಎಡಿಟರ್ ಬಂತು. ಸೆಪ್ಟೆಂಬರ್ ಹೊತ್ತಿಗೆ ಇನ್‌ಸ್ಟಾಗ್ರಾಮ್ ತುಂಬ ಹಳೇ ಸಿನಿಮಾ ನಾಯಕಿಯರಂತೆ ಸೀರೆ ಉಟ್ಟ ಫೋಟೋಗಳು. ಆಗ ಹೆಚ್ಚಿನವರು ಮಾಡಿದ್ದು ಒಂದೇ ಹಂತದ ಕೆಲಸ: ಒಂದು ಫೋಟೋ, ಒಂದು ಸೀರೆ, ಪೋಸ್ಟ್. ಅದರಲ್ಲಿ ಮುಖ ಚೆನ್ನಾಗಿಯೇ ಉಳಿಯುತ್ತಿತ್ತು. ಕಷ್ಟ ಶುರುವಾಗುವುದು ಒಂದೇ ಚಾಟ್‌ನಲ್ಲಿ "ಈಗ ಇದು, ಈಗ ಅದು" ಅಂತ ಮುಂದುವರಿಸಿದಾಗ. ಫ್ಲಕ್ಸ್ ಕಾಂಟೆಕ್ಸ್ಟ್ ಎಂಬ ಚಿತ್ರ ಬರೆಯುವ ಎಐ ಮಾಡೆಲ್ ತಂದ ಬ್ಲ್ಯಾಕ್ ಫಾರೆಸ್ಟ್ ಲ್ಯಾಬ್ಸ್, ಅದರ ಮಿತಿಗಳನ್ನು ಹೇಳುವಾಗ ಇದನ್ನೇ ಮುಂದಿಟ್ಟಿತ್ತು: ಹಂತದ ಮೇಲೆ ಹಂತ ಜಾಸ್ತಿಯಾದರೆ ಚಿತ್ರ ಕೆಡುತ್ತದೆ. ಅಲಿಬಾಬಾದ ಕ್ವೆನ್ ತಂಡ ತನ್ನ ಎಡಿಟಿಂಗ್ ಮಾಡೆಲ್‌ನ 2511 ಆವೃತ್ತಿ ತಂದಾಗ, ಚಿತ್ರ ಮೂಲದಿಂದ ದೂರ ಜಾರುವುದು ಈಗ ಕಡಿಮೆಯಾಗಿದೆ ಎಂಬುದನ್ನೇ ಒಂದು ಸುಧಾರಣೆಯಾಗಿ ಹೇಳಿಕೊಂಡಿತು. ಮಾಡಿದವರೇ ಒಪ್ಪಿಕೊಂಡ ತೊಂದರೆ ಇದು.

ಅಳತೆ ಬ್ಲೌಸಿನ ಲೆಕ್ಕ

ಇದು ಯಾಕೆ ಆಗುತ್ತದೆ ಅಂತ ಅಕ್ಕನಿಗೆ ಹೇಳಲು ಹೊರಟಾಗ ನೆನಪಾಗಿದ್ದು ಟೈಲರ್ ಅಂಗಡಿ. ಹೊಸ ಬ್ಲೌಸ್ ಹೊಲಿಸಲು ಹೋದರೆ ಅಳತೆ ಬ್ಲೌಸ್ ಕೊಡುತ್ತೇವೆ ಅಲ್ವಾ? ಮೈಗೆ ಸರಿಯಾಗಿ ಕೂತ ಒಂದು ಬ್ಲೌಸನ್ನು ಅದಕ್ಕೆಂದೇ ಎತ್ತಿಟ್ಟಿರುತ್ತಾರೆ. ಪ್ರತಿ ಸಲ ಅದನ್ನೇ ಕೊಟ್ಟರೆ ಟೈಲರ್ ಒಂದು ನೂಲು ಆಚೀಚೆ ಮಾಡಿದರೂ ತಪ್ಪು ಆ ಒಂದು ಬ್ಲೌಸಿಗೇ ನಿಲ್ಲುತ್ತದೆ. ಬದಲಿಗೆ ಹೋದ ಸಲ ಹೊಲಿದಿದ್ದನ್ನೇ ಈ ಸಲದ ಅಳತೆಗೆ ಕೊಟ್ಟು, ಈ ಸಲದ್ದನ್ನು ಮುಂದಿನ ಸಲಕ್ಕೆ ಕೊಡುತ್ತಾ ಹೋದರೆ? ಒಂದೊಂದು ಸಲವೂ ತಪ್ಪಿದ್ದು ಒಂದು ನೂಲು ಮಾತ್ರ. ಆರನೇ ಬ್ಲೌಸಿನ ಹೊತ್ತಿಗೆ ಹುಕ್ ಹಾಕಲು ಆಗುವುದಿಲ್ಲ. ಟೈಲರನ್ನು ಬೈದು ಪ್ರಯೋಜನ ಇಲ್ಲ, ಅವನು ಕೊಟ್ಟ ಅಳತೆಗೇ ಹೊಲಿದಿದ್ದಾನೆ.

ಚಾಟ್‌ನಲ್ಲಿ ನಾನು ಮಾಡಿದ್ದು ಎರಡನೆಯದು.

"ಬಟ್ಟೆ ಮಾತ್ರ ಬದಲಿಸು" ಅಂತ ಬರೆದಾಗ ನಮ್ಮ ತಲೆಯಲ್ಲಿರುವುದು ಫೋಟೋಶಾಪಿನ ಚಿತ್ರಣ. ಬಟ್ಟೆ ಇರುವ ಜಾಗವನ್ನು ಕತ್ತರಿಸಿ ತೆಗೆದು, ಅಲ್ಲಿ ಬೇರೆ ಬಟ್ಟೆ ಕೂರಿಸುತ್ತದೆ, ಮಿಕ್ಕಿದ್ದನ್ನು ಮುಟ್ಟುವುದಿಲ್ಲ ಅಂದುಕೊಳ್ಳುತ್ತೇವೆ. ಈ ಚಾಟ್ ಎಡಿಟರ್‌ಗಳಲ್ಲಿ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಅವು ಕೊಟ್ಟ ಫೋಟೋವನ್ನು ನೋಡಿಕೊಂಡು ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತವೆ. ಮುಖವನ್ನೂ ಬರೆಯುತ್ತವೆ, ಗೋಡೆಯನ್ನೂ ಬರೆಯುತ್ತವೆ. ಮುಖ ಅದೇ ಥರ ಕಾಣುವುದು ನಕಲು ಚೆನ್ನಾಗಿ ಬಂದಿದ್ದರಿಂದ, ಮುಟ್ಟದೇ ಬಿಟ್ಟಿದ್ದರಿಂದ ಅಲ್ಲ. 2025ರ ಏಪ್ರಿಲ್ ಹೊತ್ತಿಗೆ ಚಾಟ್‌ಜಿಪಿಟಿ ಬಳಸುವವರು ಇದನ್ನು ಬಲು ಮಜವಾಗಿ ತೋರಿಸಿದ್ದರು. ಒಂದು ಫೋಟೋ ಕೊಟ್ಟು "ಏನನ್ನೂ ಬದಲಿಸಬೇಡ, ಇದೇ ಚಿತ್ರ ಮತ್ತೆ ಕೊಡು" ಅಂತ ಕೇಳುವುದು. ಬಂದಿದ್ದನ್ನೇ ಮತ್ತೆ ಕೊಟ್ಟು ಮತ್ತೆ ಅದೇ ಮಾತು. ಹೀಗೆ ಎಪ್ಪತ್ತಕ್ಕೂ ಹೆಚ್ಚು ಸಲ. ಕೊನೆಗೆ ಬಣ್ಣವೆಲ್ಲ ಕಂದು ತಿರುಗಿ, ಕೂತಿದ್ದ ವ್ಯಕ್ತಿಯೇ ಬೇರೆಯಾಗಿದ್ದರು. ಬದಲಿಸು ಅಂತ ಒಂದು ಸಲವೂ ಕೇಳಿರಲಿಲ್ಲ.

ಮಚ್ಚೆ ಎಲ್ಲಿ ಹೋಯಿತು

ಮೊದಲು ಅಳಿಸಿಹೋಗಿದ್ದು ಮಚ್ಚೆಯೇ ಯಾಕೆ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಹಾಕೋಣ. ಅವಳ ಫೋನಿನ ಫೋಟೋ 3024×4032 ಪಿಕ್ಸೆಲ್. ತಲೆಯಿಂದ ಪಾದದವರೆಗೆ ನಿಂತ ಫೋಟೋ ಆದ್ದರಿಂದ ಮುಖದ ಅಗಲ ಸುಮಾರು 300 ಪಿಕ್ಸೆಲ್ ಮಾತ್ರ. ಆ್ಯಪ್ ತಿರುಗಿ ಕೊಟ್ಟ ಚಿತ್ರದ ಎತ್ತರ 1200ರ ಆಸುಪಾಸು. ಅಂದರೆ ಮೊದಲ ಹಂತದಲ್ಲೇ ಮುಖ ಸುಮಾರು 90 ಪಿಕ್ಸೆಲ್‌ಗೆ ಇಳಿಯಿತು. ಮೂಲದಲ್ಲಿ 12 ಪಿಕ್ಸೆಲ್ ಇದ್ದ ಮಚ್ಚೆ ಈಗ ಮೂರೋ ನಾಲ್ಕೋ ಪಿಕ್ಸೆಲ್.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಸ್ಟೇಬಲ್ ಡಿಫ್ಯೂಷನ್, ಫ್ಲಕ್ಸ್ ಥರದ ಮಾಡೆಲ್‌ಗಳು ಪಿಕ್ಸೆಲ್‌ಗಳ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಚಿತ್ರವನ್ನು ಮೊದಲು ಒಂದು ಸಣ್ಣ ಒಳರೂಪಕ್ಕೆ ಅಡಕ ಮಾಡಿಕೊಳ್ಳುತ್ತವೆ. 512×512 ಚಿತ್ರ ಅಲ್ಲಿ 64×64 ಮನೆಗಳ ಒಂದು ಜಾಲರಿ ಆಗುತ್ತದೆ. ಅಡ್ಡಡ್ಡ ಎಂಟು ಪಿಕ್ಸೆಲ್, ಉದ್ದುದ್ದ ಎಂಟು ಪಿಕ್ಸೆಲ್ ಸೇರಿ ಒಂದು ಮನೆ. ಕೆಲಸ ಮುಗಿದ ಮೇಲೆ ಆ ಮನೆಗಳಿಂದ ಮತ್ತೆ ಪಿಕ್ಸೆಲ್ ಬಿಡಿಸುತ್ತವೆ. ನಾನು ಬಳಸಿದ ಆ್ಯಪ್ ಕೂಡ ಇದೇ ಥರ ಮಾಡುತ್ತದೆ ಅಂತಿಟ್ಟುಕೊಂಡರೆ ಅವಳ ಮುಖದ ಪೂರ್ತಿ ಅಗಲಕ್ಕೆ ಸಿಕ್ಕಿದ್ದು ಹನ್ನೊಂದು ಮನೆ. ಮಚ್ಚೆಗೆ ಅರ್ಧ ಮನೆಯೂ ಇಲ್ಲ. ಕಣ್ಣು, ಮೂಗು, ತುಟಿ, ಹುಬ್ಬು ಎಲ್ಲ ಆ ಹನ್ನೊಂದರಲ್ಲೇ ಇರಬೇಕು. ಸಣ್ಣದು ಮೊದಲು ಹೋಗುತ್ತದೆ.

ಹೋದ ಮೇಲೆ ವಾಪಸ್ ಬರುವುದಿಲ್ಲ ಅನ್ನುವುದು ನಿಜವಾದ ಪೆಟ್ಟು. ಮೂರನೇ ಚಿತ್ರದಲ್ಲಿ ಮಚ್ಚೆ ಇಲ್ಲ ಅಂದರೆ ನಾಲ್ಕನೆಯದನ್ನು ಬರೆಯುವಾಗ ಮಾಡೆಲ್‌ಗೆ ಈ ಹುಡುಗಿಗೆ ಮಚ್ಚೆಯೇ ಇಲ್ಲ ಎಂಬುದು ಸತ್ಯ. ದವಡೆ ಒಂದು ಕೂದಲೆಳೆ ಸಣ್ಣಗಾಗಿದ್ದರೆ ಆ ಸಣ್ಣ ದವಡೆಯೇ ಹೊಸ ಅಳತೆ.

ಈ ಜಾರುವಿಕೆ ಎತ್ತೆತ್ತಲೋ ಹೋಗುವುದಿಲ್ಲ ಅನ್ನುವುದನ್ನೂ ಗಮನಿಸಿ. ಎಲ್ಲ ದಿಕ್ಕಿಗೂ ಸಮನಾಗಿ ತಪ್ಪುತ್ತಿದ್ದರೆ ಒಂದು ಸಲ ದವಡೆ ಸಣ್ಣಗಾಗಿ ಇನ್ನೊಂದು ಸಲ ದಪ್ಪಗಾಗಿ ಲೆಕ್ಕ ಒಂದಿಷ್ಟಾದರೂ ಸರಿಹೋಗುತ್ತಿತ್ತು. ಹಾಗಾಗುವುದಿಲ್ಲ. ಕಾಣದ ಜಾಗವನ್ನು, ಮಸುಕಾದ ಜಾಗವನ್ನು ಮಾಡೆಲ್ ತಾನು ಸಾವಿರಾರು ಸಲ ನೋಡಿದ್ದರಿಂದ ತುಂಬಿಸುತ್ತದೆ. ಅದು ನೋಡಿದ "ಸೀರೆ ಉಟ್ಟ ಯುವತಿ" ಹೆಚ್ಚಾಗಿ ಜಾಹೀರಾತಿನ ಮಾಡೆಲ್ ಥರದವಳು. ನಮ್ಮ ಹುಡುಗಿಯ ಹಲ್ಲು ನೇರವಾಗಿದ್ದು, ಬಣ್ಣ ತೆಳುವಾಗಿದ್ದು ಆ ಎಳೆತದಿಂದ. ಪ್ರತಿ ಹಂತವೂ ಒಂದೇ ಕಡೆಗೆ ಒಂದು ಹೆಜ್ಜೆ. (ಅಕ್ಕನ ವ್ಯಾಖ್ಯಾನ ಬೇರೆ: "ಹೆಣ್ಣು ನೋಡಾಕ ಬಂದವ್ರ ಥರಾನೇ ಐತಿ ಇದು ಕೂಡ.")

ಬಟ್ಟೆ ಮುಚ್ಚುತ್ತದೆ, ಬಟ್ಟೆ ತೆರೆಯುತ್ತದೆ

ಇಲ್ಲಿಯವರೆಗೆ ಹೇಳಿದ್ದು ಯಾವ ಎಡಿಟಿಂಗ್‌ಗಾದರೂ ಹೊಂದುತ್ತದೆ. ಉಡುಪು ಬದಲಿಸುವುದರಲ್ಲಿ ಮಾತ್ರ ಇರುವ ಇನ್ನೊಂದು ತೊಡಕು ಇದೆ. ನನಗೆ ಇದೇ ಹೆಚ್ಚು ಮುಖ್ಯ ಅನ್ನಿಸುತ್ತದೆ.

ಬಲಗೈಯ ಸುಟ್ಟ ಕಲೆಯ ಕಥೆ ನೋಡಿ. ಮೂಲ ಫೋಟೋದಲ್ಲಿ ಅವಳು ಹಾಕಿದ್ದು ಅರ್ಧ ತೋಳಿನ ಕುರ್ತಾ. ಕಲೆ ಕಾಣುತ್ತಿತ್ತು. ಒಂದನೇ ಚಿತ್ರದಲ್ಲೂ ಮಸುಕಾಗಿ ಇತ್ತು. ಎರಡನೇ ಹಂತದಲ್ಲಿ ಫುಲ್ ತೋಳು ಕೇಳಿದೆ. ಕೈ ಮುಚ್ಚಿಹೋಯಿತು. ಐದನೆಯದರಲ್ಲಿ ಮತ್ತೆ ಅರ್ಧ ತೋಳು ಕೇಳಿದಾಗ ಮಾಡೆಲ್ ಮುಂದೆ ಇದ್ದದ್ದು ತೋಳು ಮುಚ್ಚಿದ ಚಿತ್ರ. ಆ ತೋಳಿನ ಒಳಗೆ ಏನಿದೆ ಅಂತ ಅದಕ್ಕೆ ಹೇಗೆ ಗೊತ್ತು? ಒಂದು ನುಣುಪಾದ ಕೈ ಬರೆದಿಟ್ಟಿತು. ಹಾಗಾಗಿ ಆರನೇ ಚಿತ್ರದ ಮೊಣಕೈ ಕೆಳಗಿನ ಕೈ ಅವಳದ್ದೇ ಅಲ್ಲ. ಆಕಾರ, ದಪ್ಪ, ಚರ್ಮದ ಗುರುತು ಎಲ್ಲ ಊಹೆ.

ಸೊಂಟಕ್ಕೂ ಭುಜಕ್ಕೂ ಇದೇ ಮಾತು. ಸೀರೆಯ ಸೆರಗು ಎಡಭುಜವನ್ನು ಮುಚ್ಚುತ್ತದೆ, ನಿರಿಗೆ ಕಾಲನ್ನು ಮುಚ್ಚುತ್ತದೆ. ಸೀರೆಯಿಂದ ಲೆಹೆಂಗಾಕ್ಕೆ ಹೋದಾಗ ಮುಚ್ಚಿದ್ದು ತೆರೆಯುತ್ತದೆ, ತೆರೆದಿದ್ದು ಮುಚ್ಚುತ್ತದೆ. ಒಂದೊಂದು ಸಲ ತೆರೆದಾಗಲೂ ಒಂದಿಷ್ಟು ಮೈ ಊಹೆಯದ್ದಾಗುತ್ತದೆ. ಹುಡುಗಿ ತೆಳ್ಳಗಾದ ಹಾಗೆ ಕಂಡಿದ್ದು ಸುಮ್ನೆ ಅಲ್ಲ.

ಜೊತೆಗೆ ಹಿಂದಿನ ಬಟ್ಟೆಯ ಚೂರು ಮುಂದಿನದಕ್ಕೆ ಅಂಟಿಕೊಂಡು ಬರುತ್ತದೆ. ಆರನೇ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಇಳಕಲ್ ಸೀರೆಯ ಅಂಚಿನಲ್ಲಿ ಲೆಹೆಂಗಾದ ಹೊಳೆಯುವ ಚಮಕಿ ಇತ್ತು. ಇಳಕಲ್ ಸೀರೆಗೆ ಚಮಕಿ! ಬಲಭುಜದ ಮೇಲೆ ದುಪಟ್ಟಾದ ಗುರುತಿನಂತೆ ಒಂದು ಗುಲಾಬಿ ಮಡಿಕೆಯೂ ಉಳಿದಿತ್ತು.

ಹಾಗಾದರೆ ಯಾವಾಗ ಮರಳಬೇಕು

ಎಷ್ಟನೇ ಹಂತಕ್ಕೆ ನಿಲ್ಲಿಸಬೇಕು ಅಂತ ಒಂದು ಅಂಕಿ ಹೇಳಿ ಅಂತ ಎಲ್ಲರೂ ಕೇಳುತ್ತಾರೆ. ಅಂಥ ಅಂಕಿ ಇಲ್ಲ. ಹತ್ತಿರದಿಂದ ತೆಗೆದ ಮುಖದ ಫೋಟೋ ನಾಲ್ಕೈದು ಹಂತ ತಾಳಬಹುದು, ದೂರದಿಂದ ತೆಗೆದ ಗುಂಪಿನ ಫೋಟೋ ಮೊದಲ ಹಂತದಲ್ಲೇ ಕೆಡಬಹುದು. ಅಂಕಿಗಿಂತ ಕೇಳಬೇಕಾದ ಪ್ರಶ್ನೆ ಬೇರೆ: ಈಗ ಮಾಡಬೇಕೆಂದಿರುವ ಬದಲಾವಣೆಗೆ ಹಿಂದಿನ ಚಿತ್ರದಿಂದ ಏನಾದರೂ ಬೇಕಾ?

ಇಳಕಲ್ ಬಿಟ್ಟು ಮೈಸೂರು ಸಿಲ್ಕ್ ಬೇಕು ಅಂದಾಗ ಇಳಕಲ್ ಉಟ್ಟ ಚಿತ್ರದಿಂದ ನನಗೆ ಬೇಕಾದದ್ದು ಏನೂ ಇರಲಿಲ್ಲ. ಹುಡುಗಿ ಬೇಕು, ಅವಳು ಮೂಲದಲ್ಲೇ ಇದ್ದಾಳೆ. ಮಹಡಿ ಬೇಕು, ಅದೂ ಮೂಲದಲ್ಲಿದೆ. ಆದರೂ ಚಾಟ್ ತೆರೆದಿತ್ತು ಅಂತ ಅಲ್ಲೇ ಬರೆದೆ. ಅದು ಬರೀ ಸೋಮಾರಿತನ. ಇಡೀ ಉಡುಪೇ ಬದಲಾಗುವುದಾದರೆ ಪ್ರತಿ ಸಲವೂ ಹೊಸ ಚಾಟ್, ಪ್ರತಿ ಸಲವೂ ಮೂಲ ಫೋಟೋ. ಆಗ ಆರು ಉಡುಪಿನ ಆರು ಚಿತ್ರಗಳೂ ಮೂಲದಿಂದ ಒಂದೊಂದೇ ಹೆಜ್ಜೆ ದೂರ ಇರುತ್ತವೆ. ಯಾವುದೂ ಇನ್ನೊಂದರ ಮಗು ಅಲ್ಲ, ಮೊಮ್ಮಗು ಅಲ್ಲ.

ಸಣ್ಣ ತಿದ್ದುಪಡಿಗೆ ಲೆಕ್ಕ ಸ್ವಲ್ಪ ಬೇರೆ. ಸೀರೆ ಇಷ್ಟವಾಗಿದೆ, ಅಂಚು ಸ್ವಲ್ಪ ಅಗಲ ಬೇಕು, ಬ್ಲೌಸ್ ಕೆಂಪಿನ ಬದಲು ಮೆರೂನ್ ಬೇಕು ಅಂದರೆ ಹಿಂದಿನ ಚಿತ್ರ ಬೇಕೇ ಬೇಕು. ಅಲ್ಲಿ ಒಂದೆರಡು ಹಂತ ಮುಂದುವರಿಸಿ, ಏನೂ ಆಗುವುದಿಲ್ಲ. ಆದರೆ ಅದನ್ನು ಕರಡು ಅಂತ ತಿಳಿಯಿರಿ. ನಿರ್ಧಾರ ಮಾಡಲು ಚಾಟ್ ಬಳಸಿ. ಎಲ್ಲ ನಿರ್ಧಾರ ಆದ ಮೇಲೆ ಅಷ್ಟನ್ನೂ ಒಂದೇ ಮಾತಿನಲ್ಲಿ ಬರೆದು, ಮೂಲ ಫೋಟೋದ ಮೇಲೆ ಒಂದೇ ಸಲ ಓಡಿಸಿ. ಕೊನೆಗೆ ನಾನು ಬರೆದದ್ದು ಹೀಗೆ:

"ಈ ಫೋಟೋದ ಯುವತಿಗೆ ಹಸಿರು ಇಳಕಲ್ ಸೀರೆ ಉಡಿಸು. ಕೆಂಪು ಸೆರಗು ಎಡಭುಜದ ಮೇಲೆ ಇರಲಿ. ಬ್ಲೌಸ್ ಮೆರೂನ್, ತೋಳು ಮೊಣಕೈಗಿಂತ ಮೇಲೆ. ಜಡೆಗೆ ಮಲ್ಲಿಗೆ ದಂಡೆ. ಮುಖ, ಹಲ್ಲು, ಕೆನ್ನೆಯ ಮಚ್ಚೆ, ಬಲಗೈಯ ಕಲೆ, ಮೈಬಣ್ಣ, ನಿಂತ ಭಂಗಿ, ಹಿಂದಿನ ಗೋಡೆ ಫೋಟೋದಲ್ಲಿ ಇದ್ದ ಹಾಗೇ ಇರಲಿ."

ಮಚ್ಚೆ, ಕಲೆ ಅಂತ ಹೆಸರಿಟ್ಟು ಹೇಳಿದ್ದು ಸುಮ್ಮನೆ ಅಲ್ಲ. "ಮುಖ ಬದಲಿಸಬೇಡ" ಅನ್ನುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ಮಾತನ್ನು ಮೂಲದ ಮೇಲೆ ಮೂರು ಸಲ ಓಡಿಸಿದೆ. ಮೂರೂ ಸ್ವಲ್ಪ ಸ್ವಲ್ಪ ಬೇರೆ ಬಂದವು. ಒಂದರಲ್ಲಿ ಸೆರಗು ಸೊಟ್ಟ, ಒಂದರಲ್ಲಿ ಕೈ ಬೆರಳು ಅಷ್ಟಕ್ಕಷ್ಟೆ, ಇನ್ನೊಂದು ಸರಿ. ಸೊಟ್ಟಗಿದ್ದದ್ದನ್ನು ತಿದ್ದಲು ಹೋಗಲಿಲ್ಲ, ಬಿಸಾಡಿದೆ.

ಬಿಸಾಡುವುದು ಕಷ್ಟ ಅನ್ನಿಸುತ್ತದೆ, ಗೊತ್ತು. ಮಚ್ಚೆ ಹೋಗಿದೆ ಅಂತ ಗೊತ್ತಾದ ತಕ್ಷಣ ನಾನೂ ಮೊದಲು ಮಾಡಿದ್ದು "ಎಡಗೆನ್ನೆ ಮೇಲೆ ಮಚ್ಚೆ ವಾಪಸ್ ಹಾಕು" ಅಂತ ಬರೆದದ್ದು. ಹಾಕಿತು. ತುಟಿಯ ಪಕ್ಕ, ಕಾಡಿಗೆ ಬೊಟ್ಟು ಇಟ್ಟ ಹಾಗೆ. ಅದನ್ನು ಹಾಕುವ ಭರದಲ್ಲಿ ಕಣ್ಣು ಇನ್ನಷ್ಟು ದೊಡ್ಡದಾಯಿತು. ಜಾರಿದ ಮುಖವನ್ನು ಮಾತಿನಿಂದ ತಿದ್ದುವುದು ಅಂದರೆ ಜಾರುವುದಕ್ಕೆ ಇನ್ನೊಂದು ಹಂತ ಸೇರಿಸಿದ ಹಾಗೆ. ಗುರುತು ಒಂದು ಕಾಣೆಯಾದರೆ ಅಲ್ಲಿಗೇ ನಿಲ್ಲಿಸಿ. ಮುಚ್ಚಿದ ಭಾಗ ಮತ್ತೆ ತೆರೆಯಬೇಕಾದಾಗಲೂ ಅಷ್ಟೆ: ಫುಲ್ ತೋಳಿನಿಂದ ಅರ್ಧ ತೋಳಿಗೆ ಬರಬೇಕಾದರೆ ದಾರಿ ಮೂಲದ ಮೂಲಕವೇ.

"ಅದೇ ಚಾಟ್‌ನಲ್ಲಿ ಮೇಲೆ ಮೂಲ ಫೋಟೋ ಇದೆಯಲ್ಲ, 'ಮೊದಲ ಫೋಟೋದ ಮುಖ ಹಾಕು' ಅಂದರೆ ಸಾಲದಾ?" ಅಂತ ನನ್ನ ಜೊತೆ ಕೆಲಸ ಮಾಡುವ ಹುಡುಗ ಕೇಳಿದ. ಕೆಲವು ಸಲ ಆಗುತ್ತದೆ. ಆದರೆ ಆ ಚಾಟ್‌ನಲ್ಲಿ ನಿಜವಾದ ಮುಖ ಒಂದಿದೆ, ಜಾರಿದ ಮುಖಗಳು ಆರಿವೆ. ಜೊತೆಗೆ ಲೆಹೆಂಗಾ, ನೀಲಿ ಸಿಲ್ಕ್ ಅಂತ ಹಳೇ ಮಾತುಗಳೂ ಇವೆ. ನಾನು ಮಾಡಿ ನೋಡಿದಾಗ ಬಂದದ್ದು ಎರಡೂ ಬೆರೆತ ಮುಖ. ಗೂಗಲ್ ಕೂಡ ತನ್ನ ಡೆವಲಪರ್‌ಗಳಿಗೆ ಕೊಟ್ಟ ಸಲಹೆಯಲ್ಲಿ, ಮುಖಲಕ್ಷಣ ಜಾರಲು ಶುರುವಾದರೆ ವಿವರವಾದ ವರ್ಣನೆಯೊಂದಿಗೆ ಹೊಸ ಚಾಟ್ ಶುರುಮಾಡಿ ಅನ್ನುತ್ತದೆ. ಕಥೆಯ ಪಾತ್ರಕ್ಕಾದರೆ ವರ್ಣನೆ ಸಾಕು. ನಿಜವಾದ ಮನುಷ್ಯರಿಗೆ ಸಾಲದು. ಯಾವ ವರ್ಣನೆಯಿಂದ ಅಕ್ಕನ ಮಗಳ ಮುಖ ಬಂದೀತು? ಹೊಸ ಚಾಟ್‌ಗೆ ಮೂಲ ಫೋಟೋವೇ ಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಮೂಲಕ್ಕೆ ಮರಳಲು ಮನಸ್ಸು ಬರುವುದಿಲ್ಲ. ನಾಲ್ಕನೇ ಹಂತದಲ್ಲಿ ಬಂದ ಸೀರೆ ಅಷ್ಟು ಚೆನ್ನಾಗಿದೆ, ಮತ್ತೆ ಕೇಳಿದರೆ ಅದೇ ಬರುವ ಖಾತ್ರಿ ಇಲ್ಲ. ಆಗ ಎರಡು ಚಿತ್ರ ಕೊಡಬಹುದು: ಮೊದಲನೆಯದು ಮೂಲ ಫೋಟೋ, ಎರಡನೆಯದು ಆ ಸೀರೆಯ ಚಿತ್ರ. "ಮೊದಲ ಚಿತ್ರದ ವ್ಯಕ್ತಿ, ಎರಡನೇ ಚಿತ್ರದ ಸೀರೆ" ಅಂತ ಹೇಳಬೇಕು. ಕೊಡುವ ಮೊದಲು ಎರಡನೇ ಚಿತ್ರದ ತಲೆಯನ್ನು ಕತ್ತರಿಸಿ ತೆಗೆಯಿರಿ. ಕತ್ತಿನಿಂದ ಕೆಳಗೆ ಮಾತ್ರ ಇರಲಿ. ಅಲ್ಲೂ ಒಂದು ಮುಖ ಇದ್ದರೆ, ಅದೂ ನಿಮ್ಮ ಹುಡುಗಿಯ ಮುಖವನ್ನೇ ಹೋಲುವ ಮುಖ ಇದ್ದರೆ, ಎರಡೂ ಬೆರೆತುಹೋಗುತ್ತವೆ. ಇದನ್ನು ಕಲಿಯಲು ನನಗೆ ಒಂದು ಸಂಜೆ ಹಿಡಿಯಿತು.

ನೋಡುವ ಕ್ರಮ

ಜಾರಿದ್ದು ನನಗೆ ಯಾಕೆ ಗೊತ್ತಾಗಲಿಲ್ಲ? ನಾನು ಪ್ರತಿ ಚಿತ್ರವನ್ನೂ ಅದರ ಹಿಂದಿನದಕ್ಕೆ ಹೋಲಿಸುತ್ತಿದ್ದೆ. ದಿನಾ ನೋಡುವ ಮಗು ಬೆಳೆದದ್ದು ಮನೆಯವರಿಗೆ ಕಾಣುವುದಿಲ್ಲ, ವರ್ಷಕ್ಕೊಮ್ಮೆ ಬರುವ ನೆಂಟರಿಗೆ ಕಾಣುತ್ತದೆ. ಹಾಗಾಗಿ ಹೋಲಿಸಬೇಕಾದದ್ದು ಯಾವಾಗಲೂ ಮೂಲದ ಜೊತೆ. ಫೋನ್ ಗ್ಯಾಲರಿಯಲ್ಲಿ ಮೂಲದ ಪ್ರತಿ ಮತ್ತು ಹೊಸ ಚಿತ್ರದ ಪ್ರತಿ ಎರಡೇ ಇರುವ ಒಂದು ಆಲ್ಬಮ್ ಮಾಡಿ. ಎರಡನ್ನೂ ಮುಖದಷ್ಟಕ್ಕೆ ಕ್ರಾಪ್ ಮಾಡಿ, ಬೆರಳಿನಿಂದ ಆಚೀಚೆ ಸರಿಸಿ. ಪಕ್ಕಪಕ್ಕ ಇಟ್ಟಾಗ ಕಾಣದ್ದು ಹೀಗೆ ಸರಿಸಿದಾಗ ಕುಣಿದು ಕಾಣುತ್ತದೆ. ಬಟ್ಟೆ ನೋಡಬೇಡಿ, ಕಣ್ಣು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮಚ್ಚೆ, ಹಲ್ಲು, ಕಿವಿ, ಕೂದಲು ಶುರುವಾಗುವ ಗೆರೆ, ಕೈ ಬೆರಳು ನೋಡಿ. ಮುಖ ಬಿಟ್ಟು ಗೋಡೆಯನ್ನೂ ನೋಡಿ. ಗೋಡೆಯ ಬಿರುಕೇ ಮುಚ್ಚಿಹೋಗಿದ್ದರೆ ಮುಖದಲ್ಲೂ ಏನೋ ಮುಚ್ಚಿಹೋಗಿದೆ ಅಂತಲೇ ಅರ್ಥ.

ಕಂಪ್ಯೂಟರಿನಿಂದ ಅಳೆಯಲೂ ಬರುತ್ತದೆ. ಮುಖ ಗುರುತಿಸುವ ಪ್ರೋಗ್ರಾಮ್‌ಗಳು ಒಂದು ಮುಖವನ್ನು ಅಂಕಿಗಳ ಸಾಲಾಗಿ ಮಾಡಿ, ಎರಡು ಸಾಲುಗಳ ನಡುವಿನ ದೂರ ಹೇಳುತ್ತವೆ. ಸಂಶೋಧಕರು ಹಂತಹಂತವಾಗಿ ಮುಖ ಎಷ್ಟು ಜಾರಿತು ಅಂತ ಅಳೆಯುವುದೂ ಇಂಥದ್ದರಿಂದಲೇ. ಡಿಲಿಬ್ ಎಂಬ ಉಚಿತ ಪ್ರೋಗ್ರಾಮ್ 128 ಅಂಕಿ ಬಳಸುತ್ತದೆ, ದೂರ 0.6ಕ್ಕಿಂತ ಕಡಿಮೆ ಇದ್ದರೆ ಒಬ್ಬರೇ ಅನ್ನುತ್ತದೆ. ಆದರೆ ಆ ಗೆರೆ ಹಾಕಿರುವುದು ಇಬ್ಬರು ಬೇರೆ ಬೇರೆ ಜನರನ್ನು ಬೇರ್ಪಡಿಸಲು. ಕನ್ನಡಕ, ಬೆಳಕು, ವಯಸ್ಸು ಬದಲಾದರೂ ಅದೇ ವ್ಯಕ್ತಿ ಅನ್ನಬೇಕಾದ ಪ್ರೋಗ್ರಾಮ್‌ಗೆ ಹಲ್ಲು ನೇರವಾಗಿದ್ದು ದೊಡ್ಡ ವಿಷಯ ಅಲ್ಲ. ಅದು ಪಾಸ್ ಮಾಡಿದ ಮುಖವನ್ನು ತಾಯಿ ಫೇಲ್ ಮಾಡಬಹುದು.

ಮೂಲ ಅಂತ ಹೇಳುತ್ತಾ ಬಂದೆ, ಆ ಮೂಲವೇ ಮೂಲ ಆಗಿರಬೇಕು. ಅವಳು ನನಗೆ ಕಳಿಸಿದ್ದು ವಾಟ್ಸ್ಆ್ಯಪ್‌ನಲ್ಲಿ, ಮಾಮೂಲಿ ಫೋಟೋ ಥರ. ಅಲ್ಲೇ ಒಂದು ಸಲ ಕುಗ್ಗಿತ್ತು. ಎರಡನೇ ಸಲ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ಆಮೇಲೆ ಕೊಡುವ ಮೊದಲೇ ನಾನೇ ಫೋಟೋವನ್ನು ಮಂಡಿಯಿಂದ ಮೇಲಕ್ಕೆ ಅಂದಾಜು 2400 ಪಿಕ್ಸೆಲ್ ಎತ್ತರಕ್ಕೆ ಕ್ರಾಪ್ ಮಾಡಿದೆ. ಬರುವ ಚಿತ್ರ ಅದೇ 1200 ಎತ್ತರ ಆದರೂ ಈಗ ಮುಖಕ್ಕೆ 90ರ ಬದಲು 150 ಪಿಕ್ಸೆಲ್ ಸಿಕ್ಕಿತು. ನಿರಿಗೆ ಪಾದದವರೆಗೆ ಹೇಗೆ ಬೀಳುತ್ತದೆ ಅನ್ನುವುದು ಹೋಯಿತು. ಹೋಗಲಿ, ಸೀರೆ ಆರಿಸಲು ಬೇಕಾದದ್ದು ಸೆರಗು, ಅಂಚು, ಮುಖಕ್ಕೆ ಆ ಬಣ್ಣ ಒಪ್ಪುತ್ತದಾ ಅನ್ನುವುದು.

ಮೂಲದ ಮುಖವನ್ನೇ ಲೇಯರ್ ಮಾಡಿ ಮೇಲೆ ಅಂಟಿಸಬಾರದಾ ಅಂದರೆ, ಅಂಟಿಸಬಹುದು. ಮೊದಲ ಹಂತದ ಚಿತ್ರವಾದರೆ ಸಲೀಸು, ತಲೆ ಬಹುತೇಕ ಅದೇ ಜಾಗದಲ್ಲಿ ಇರುತ್ತದೆ. ಆರನೇ ಹಂತದ್ದಾದರೆ ತಲೆ ಸ್ವಲ್ಪ ಹಿಗ್ಗಿರುತ್ತದೆ, ಸ್ವಲ್ಪ ಸರಿದಿರುತ್ತದೆ, ಕತ್ತಿನ ಬಣ್ಣ ಹೊಂದುವುದಿಲ್ಲ. ಕತ್ತಿನಲ್ಲಿ ಒಂದು ಗೆರೆ ಬೀಳುತ್ತದೆ. ಅದನ್ನು ಮುಚ್ಚಲು ಸರ ಹಾಕಿಸುವ ಮಟ್ಟಕ್ಕೆ ಬಂದರೆ ಕೆಲಸ ಕೆಟ್ಟಿದೆ ಅಂತಲೇ ಲೆಕ್ಕ.

ಮೂಲದಿಂದ ಹೊಸದಾಗಿ ಮಾಡಿದ ಹಸಿರು ಇಳಕಲ್ ಚಿತ್ರ ಹಿಡಿದು ಅಕ್ಕನೂ ಮಗಳೂ ಅಂಗಡಿಗೆ ಹೋದರು. ಅಂಗಡಿಯವರು ಫೋನ್ ನೋಡಿ ನಕ್ಕರಂತೆ. "ಈ ಸೆರಗು ನಮ್ಮ ಮಗ್ಗದಾಗ ಬರೂದಿಲ್ಲ ಅಕ್ಕಾರ" ಅಂದರಂತೆ. ಚಿತ್ರದಲ್ಲಿ ಹಸಿರು ನಿಧಾನಕ್ಕೆ ಕರಗಿ ಕೆಂಪಾಗಿತ್ತು. ಇಳಕಲ್‌ನಲ್ಲಿ ಹಾಗಾಗುವುದಿಲ್ಲ. ಮೈಯ ಹಾಸು ನೂಲಿಗೆ ಸೆರಗಿನ ಹಾಸು ನೂಲನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಹಾಗಾಗಿ ಬಣ್ಣ ಒಂದು ಗೆರೆಗೆ ಕಡಿದ ಹಾಗೆ ಬದಲಾಗುತ್ತದೆ. ಮೂಲಕ್ಕೆ ಮರಳಿದ್ದರಿಂದ ಹುಡುಗಿ ಸರಿಹೋಗಿದ್ದಳು, ಸೀರೆ ಸರಿಹೋಗಿರಲಿಲ್ಲ. ಸೀರೆಗೆ ಮೂಲ ಕೊಟ್ಟೇ ಇರಲಿಲ್ಲವಲ್ಲ.

ಅಂಗಡಿಯಲ್ಲೇ ಆರಿಸಿದ ಸೀರೆಯನ್ನು ಗಾದಿ ಮೇಲೆ ಹರವಿ, ಸೆರಗು ಕಾಣುವ ಹಾಗೆ ಒಂದು ಫೋಟೋ ತೆಗೆದು ಕಳಿಸಿದರು. ಹೊಸ ಚಾಟ್ ತೆರೆದೆ. ಒಂದು ಅವಳ ಮೂಲ ಫೋಟೋ, ಇನ್ನೊಂದು ಗಾದಿ ಮೇಲಿನ ಸೀರೆ, ಒಂದೇ ಹಂತ. ಎರಡನೇ ಪ್ರಯತ್ನಕ್ಕೆ ಸರಿಯಾಗಿ ಬಂತು. ಸಂಜೆ ಮನೆಗೆ ಹೋದಾಗ ಅಕ್ಕ ಫೋನ್ ಇಸಿದುಕೊಂಡಳು. ಸೀರೆ ನೋಡುವ ಮೊದಲೇ ಎರಡು ಬೆರಳಿನಿಂದ ಎಡಗೆನ್ನೆಯನ್ನು ಹಿಗ್ಗಿಸಿದಳು.